ಎಣ್ಣೆ ಕುಡಿಯದ ಮಷೀನು

ಅಮ್ಮನ ಹನ್ನೆರಡನೆಯ ದಿನದ ಊಟ ಮುಗಿದು, ನೆಂಟರೆಲ್ಲ ಲೋಕಲ್ ರೈಲು ಹಿಡಿಯಲು ಹೊರಟ ಮೇಲೆ, ನನ್ನ ತಂಗಿ ಚೆಂಬೂರಿನ ನಮ್ಮ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ ನಿಂತು ಕೇಳಿದಳು: "ಅಕ್ಕ, ನನ್ನನ್ನು ಊರಿಗೆ ಕಳಿಸಿದ ಮೇಲೆ ಅಮ್ಮ ಒಂದು ದಿನವಾದ್ರೂ ಅತ್ತದ್ದುಂಟಾ? ನೀನು ಇಲ್ಲೇ ಇದ್ದವಳು. ನಿಜ ಹೇಳು."

ಅತ್ತದ್ದನ್ನು ನಾನು ನೋಡಿರಲಿಲ್ಲ. ನೋಡಿದ ನೆನಪಿಲ್ಲ ಎಂದೆ. ಅವಳು "ಹಾಂ, ಅದೇ" ಎಂದು ಒರೆಸಿದ ಪಾತ್ರೆಯನ್ನೇ ಇನ್ನೊಂದು ಸಲ ಒರೆಸಿ ಇಟ್ಟಳು. ಆಮೇಲೆ ಹಜಾರದ ಮೂಲೆಯಲ್ಲಿದ್ದ ಅಮ್ಮನ ಹೊಲಿಗೆ ಮಷೀನನ್ನು ಗದ್ದದಿಂದ ತೋರಿಸಿ, "ಅದನ್ನು ಭಂಗಾರದವನಿಗೆ ಕೊಟ್ಟುಬಿಡು, ಜಾಗ ಆದ್ರೂ ಆದೀತು" ಎಂದಳು. ಭಂಗಾರದವನೆಂದರೆ ಮುಂಬಯಿಯಲ್ಲಿ ಗುಜರಿಯವನು. ಅಂಧೇರಿಯ ತನ್ನ ಮನೆಗೆ ಹೋದವಳು ಮತ್ತೆ ನಮ್ಮ ಮನೆಗೆ ಬರಲಿಲ್ಲ. ಫೋನು ಮಾಡಿದರೆ ಎತ್ತುತ್ತಿದ್ದಳು, "ಶೂಟಿಂಗ್ ಉಂಟು, ಆಮೇಲೆ ಮಾಡ್ತೇನೆ" ಎನ್ನುತ್ತಿದ್ದಳು, ಮಾಡುತ್ತಿರಲಿಲ್ಲ. ಧಾರಾವಾಹಿಗಳ ಉಡುಪು ವಿಭಾಗದಲ್ಲಿ ಅವಳ ಕೆಲಸ. ಅಷ್ಟೊಂದು ಶೂಟಿಂಗು ಯಾರಿಗೂ ಇರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಕಳಿಸಿದ ಕಥೆ ನಮ್ಮ ಕಡೆಯವರಿಗೆ ಹೊಸತೇನಲ್ಲ. ಆಗ ನಾವು ವಡಾಲದ ಚಾಳಿನ ಒಂದೇ ಖೋಲಿಯಲ್ಲಿದ್ದೆವು. ಅಪ್ಪ ಹೋಟೆಲಿನಲ್ಲಿ ಗಲ್ಲೆಯ ಮೇಲೆ, ದುಡ್ಡು ಎಣಿಸುವ ಕೆಲಸ. ಅಪ್ಪನ ಮೂವರು ತಮ್ಮಂದಿರು ಅದೇ ಹೋಟೆಲಿನ ಅಡುಗೆಯಲ್ಲಿ, ಮಲಗುವುದು ನಮ್ಮಲ್ಲಿ. ಊರಿನಲ್ಲಿ ಅಜ್ಜಿ ಒಬ್ಬರೇ. ಒಂದು ಮಗುವನ್ನಾದರೂ ನನ್ನ ಹತ್ತಿರ ಬಿಡಿ ಎಂದು ಅವರು ಹೇಳಿ ಕಳಿಸಿದರು. ನಾನು ಶಾಲೆಗೆ ಹೋಗುತ್ತಿದ್ದೆ, ತಂಗಿ ಇನ್ನೂ ಸೇರಿರಲಿಲ್ಲ. ಹಾಗಾಗಿ ತಂಗಿ. ಆ ಕಾಲದ ಮುಂಬಯಿಯ ಎಷ್ಟೋ ಹೋಟೆಲಿನವರ ಮನೆಗಳಲ್ಲಿ ಒಂದು ಮಗು ಇಲ್ಲಿ, ಒಂದು ಊರಲ್ಲಿ. ಯಾರೂ ಅದನ್ನು ದೊಡ್ಡ ಸಂಗತಿ ಎಂದುಕೊಳ್ಳುತ್ತಿರಲಿಲ್ಲ. ಕಳಿಸಲ್ಪಟ್ಟ ಮಗುವನ್ನು ಕೇಳಿದವರೂ ಇಲ್ಲ.

ಬಸ್ಸಿನ ಕಿಟಕಿಯಿಂದ ತಾನು ಕಿರುಚಿದ್ದು ತಂಗಿಗೆ ಇವತ್ತಿಗೂ ನೆನಪಿದೆ. ಕೆಳಗೆ ನಿಂತ ಅಮ್ಮ ಅಪ್ಪನಿಗೆ, "ನೀರಿನ ಬಾಟ್ಲಿ ಅಡ್ಡ ಮಲಗಿಸಬೇಡಿ, ಸೋರ್ತದೆ" ಎನ್ನುತ್ತಿದ್ದಳಂತೆ. ಕಣ್ಣಲ್ಲಿ ಒಂದು ಹನಿ ಇಲ್ಲ. ಹೈಸ್ಕೂಲಿಗೆಂದು ತಂಗಿ ವಾಪಸು ಬಂದಾಗ ಅಮ್ಮನನ್ನು ಕೆಲವು ದಿನ "ನೀವು" ಎಂದು ಕರೆದಳು. ಅಮ್ಮ ಅದನ್ನು ತಿದ್ದಲಿಲ್ಲ.

ಇಷ್ಟು ಹಿನ್ನೆಲೆ. ಈಗ ಕವಿತೆಯ ವಿಷಯಕ್ಕೆ ಬರುತ್ತೇನೆ.

ಚೆಂಬೂರಿನಲ್ಲಿ ನಾವು ಕೆಲವು ಹೆಂಗಸರು ತಿಂಗಳಿಗೊಮ್ಮೆ ಸೇರಿ ಕವಿತೆ ಓದುತ್ತೇವೆ. ಚಹಾ, ಬಿಸ್ಕಿಟು, ಸ್ವಲ್ಪ ಹೊಗಳಿಕೆ, ಹೋಗುವಾಗ ಮೊಮ್ಮಕ್ಕಳ ಫೋಟೋ. ಅಮ್ಮ ತೀರಿಕೊಂಡ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ವಿಷಯ ಕೊಟ್ಟರು: ಮನೆಯ ಒಂದು ವಸ್ತುವಾಗಿ ನಿಂತು, ಅದರ ಬಾಯಲ್ಲಿ ಕವಿತೆ ಬರೆಯಬೇಕು. ಎಲ್ಲರಿಗೂ ಖುಷಿಯೋ ಖುಷಿ. ಒಬ್ಬರು ಪ್ರೆಶರ್ ಕುಕ್ಕರ್ ಆದರು. ಆ ಕುಕ್ಕರ್ ನಾಲ್ಕು ಪುಟ ಹೆಣ್ಣಿನ ಸಹನೆಯ ಬಗ್ಗೆ ಮಾತಾಡಿತು, ಒಂದು ಸಲವೂ ಸೀಟಿ ಹೊಡೆಯಲಿಲ್ಲ. ನಾನು ಒಳಗೊಳಗೇ ನಕ್ಕೆ. ನಗಬಾರದಿತ್ತು, ಯಾಕೆಂದರೆ ನನ್ನ ಚೀಲದಲ್ಲಿದ್ದದ್ದೂ ಅದೇ ಜಾತಿಯದು.

"ನಾನೊಂದು ಹಳೆಯ ಹೊಲಿಗೆ ಯಂತ್ರ," ಎಂದು ಶುರು ಮಾಡಿದ್ದೆ. "ತಾಯ ಕಣ್ಣೀರಿಗೆ ನಾನೇ ಸಾಕ್ಷಿ. ದೂರವಾದ ಮಗಳ ನೆನೆನೆನೆದು ಹರಿದ ಅವಳೆದೆಯ ಹೊಲಿದವಳು ನಾನೇ." ಹೀಗೆ ಮೂವತ್ತು ಸಾಲು. ಓದಿ ಮುಗಿಸಿದಾಗ ಇಬ್ಬರು ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ. ಮನೆಗೆ ಬಂದವಳೇ ಅದನ್ನು ತಂಗಿಗೆ ವಾಟ್ಸ್ಯಾಪಿನಲ್ಲಿ ಕಳಿಸಿದೆ. ನಾನು ಕೊಡಲಾಗದ ಉತ್ತರವನ್ನು ಮಷೀನಿನ ಬಾಯಲ್ಲಿ ಹೇಳಿಸಿದರೆ ಅವಳ ಮನಸ್ಸು ಸ್ವಲ್ಪ ಕರಗೀತು ಎಂಬ ಆಸೆ ನನ್ನದು.

ಅವಳೇ ಫೋನು ಮಾಡಿದಳು.

"ಅಕ್ಕ, ಮಷೀನಿಗೆ ಕಣ್ಣು ಯಾವಾಗ ಬಂತು?"

"ಕವಿತೆ ಅಲ್ವಾ ಮಾರಾಯ್ತಿ, ಕಲ್ಪನೆ."

"ಕಲ್ಪನೆ ಅಲ್ಲ, ಸುಳ್ಳು. ನಿನಗೇ ಗೊತ್ತಿಲ್ಲದ್ದನ್ನು ಮಷೀನಿನ ಬಾಯಲ್ಲಿ ಹೇಳಿಸಿದ್ದೀ. ನೀನೇ ಸೀರೆ ಸುತ್ತಿಕೊಂಡು ಅದರೊಳಗೆ ಕೂತು ಮಾತಾಡ್ತಿದ್ದೀ, ಕಾಣ್ತದೆ. ನಿಜವಾಗಿ ಅದಕ್ಕೇನು ಗೊತ್ತುಂಟೋ ಅದನ್ನು ಬರಿ. ಏನೂ ಗೊತ್ತಿಲ್ಲದಿದ್ರೆ ಬರೀಬೇಡ."

ಫೋನು ಇಟ್ಟಳು. ನನಗೆ ಎಂಥ ಸಿಟ್ಟು ಬಂತೆಂದರೆ, ಆ ರಾತ್ರಿ ಅನ್ನದ ಜೊತೆ ಅವಳನ್ನೂ ಅಗಿದು ನುಂಗಿದೆ. ಜನ ಕಣ್ಣೀರು ಹಾಕಿದ ಕವಿತೆ ಅದು. ಇವಳಿಗೆ ಸೆಟ್ಟಿನ ಮೇಲೆ ಗ್ಲಿಸರಿನ್ ಕಣ್ಣೀರು ನೋಡಿ ನೋಡಿ ಎಲ್ಲವೂ ನಕಲಿಯಾಗಿ ಕಾಣುತ್ತದೆ ಎಂದುಕೊಂಡೆ. ಆದರೆ ಬೆಳಿಗ್ಗೆ ಮತ್ತೆ ಓದಿದಾಗ ನನಗೂ ಅದರೊಳಗೆ ಸೀರೆಯುಟ್ಟು ಕೂತ ನಾನೇ ಕಂಡೆ. ಮೂವತ್ತು ಸಾಲಿನಲ್ಲಿ ಒಂದು ಸೂಜಿ ಇರಲಿಲ್ಲ. "ಹೊಲಿದವಳು" ಎಂಬ ಒಂದು ಪದ ತೆಗೆದು "ಅರೆದವಳು" ಎಂದು ಹಾಕಿದ್ದರೆ ಅದು ಒರಳಿನ ಕವಿತೆಯೂ ಆಗುತ್ತಿತ್ತು.

ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ಮಷೀನಿನ ಮುಂದೆ ಸ್ಟೂಲು ಎಳೆದುಕೊಂಡು ಕೂತೆ. ಕಪ್ಪು ಮೈ, ಬಂಗಾರ ಬಣ್ಣದ ಹೂವಿನ ಚಿತ್ರ ಅರ್ಧ ಅಳಿಸಿದೆ, ಕಬ್ಬಿಣದ ಕಾಲು, ಕೆಳಗೆ ಎರಡು ಪಾದ ಇಟ್ಟು ತುಳಿಯುವ ಜಾಲರಿಯಂಥ ಹಲಗೆ. ಇದಕ್ಕೆ ಕಣ್ಣಿಲ್ಲ. ಸರಿ, ಕಿವಿಯೂ ಇಲ್ಲ. ಹಾಗಾದರೆ ಅಮ್ಮನ ಮುಖ ಇದಕ್ಕೆ ಗೊತ್ತಿಲ್ಲ, ದನಿ ಗೊತ್ತಿಲ್ಲ. ತಾಯಿ, ಮಗಳು, ದುಃಖ ಎಂಬ ಪದಗಳೆಲ್ಲ ಹೋದವು. ಕಣ್ಣೀರು ಹೋಯಿತು. ಮೊದಲ ಸಾಲೂ ಹೋಯಿತು. ನಾನು ಹೆಂಗಸು ಎಂದು ನಾನು ದಿನಾ ಹೇಳಿಕೊಳ್ಳುತ್ತೇನೆಯೇ? ಅದು ಮಾತ್ರ ಯಾಕೆ ನಾನೊಂದು ಯಂತ್ರ ಎನ್ನಬೇಕು? ತಲೆಬರಹದಲ್ಲಿ ಒಂದು ಸಲ ಹೇಳಿದರೆ ಸಾಕು. ಹೀಗೆ ಹೊಡೆದು ಹಾಕುತ್ತ ಹೋದರೆ ಕೊನೆಗೆ ಹಾಳೆಯಲ್ಲಿ ಏನೂ ಉಳಿಯಲಿಲ್ಲ. ತಂಗಿ ಹೇಳಿದ್ದು ಸರಿಯಾಯಿತಲ್ಲ, ಇದಕ್ಕೆ ಏನೂ ಗೊತ್ತಿಲ್ಲ ಎಂದು ಪೆನ್ನು ಕೆಳಗಿಟ್ಟೆ.

ಪೆನ್ನು ಉರುಳಿ ಹಲಗೆಯ ಕೆಳಗೆ ಹೋಯಿತು. ಎತ್ತಲು ಬಗ್ಗಿ ಹಲಗೆಯ ಮೇಲೆ ಕೈಯೂರಿದೆ. ಅದು ನನ್ನ ಭಾರಕ್ಕೆ ಕೆಳಗೆ ಹೋಯಿತು, ಪಕ್ಕದ ದೊಡ್ಡ ಚಕ್ರ ಅರ್ಧ ಸುತ್ತಿತು. ಆಗ ನೆನಪಾಯಿತು. ತಂಗಿ ಸಣ್ಣವಳಿದ್ದಾಗ ಕೂರುತ್ತಿದ್ದ ಜಾಗ ಇದು. ಖೋಲಿಯಲ್ಲಿ ಅವಳಿಗೆಂದು ಇದ್ದದ್ದು ಅದೊಂದೇ ಜಾಗ. ಅಮ್ಮ ಹೊಲಿಯದ ಹೊತ್ತಿನಲ್ಲಿ ಮಷೀನಿನ ಕಾಲುಗಳ ನಡುವೆ ನುಸುಳಿ, ಹಲಗೆಯ ಮೇಲೆ ಕುಂಡೆಯೂರಿ, ಹಿಂದೆ ಮುಂದೆ ತೂಗಿಕೊಳ್ಳುತ್ತಿದ್ದಳು. ಹಾಗೆ ತೂಗಿದರೆ ಚಕ್ರ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ತಿರುಗುತ್ತದೆ, ಹಾಕಿಟ್ಟ ದಾರ ತುಂಡಾಗುತ್ತದೆ. ಅಮ್ಮ ಬೈಯುತ್ತಿದ್ದಳು. ಮತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದಳು.

ಅಂದರೆ ಮಷೀನಿಗೆ ನನ್ನ ತಂಗಿ ಗೊತ್ತಿತ್ತು. ಹೆಸರಾಗಿ ಅಲ್ಲ, ಮುಖವಾಗಿ ಅಲ್ಲ. ಒಂದು ಸಣ್ಣ ಭಾರವಾಗಿ. ಒಂದು ದಿನದಿಂದ ಬಾರದೇ ಹೋದ ಭಾರವಾಗಿ. ಅಲ್ಲೇ ನೆಲದ ಮೇಲೆ ಕೂತು ನಾಲ್ಕು ಸಾಲು ಬರೆದೆ. ಬರೆಯುವಾಗ ನನಗೆ ಅಳು ಬಂತು, ಆದರೆ ಈ ಸಲ ಅದನ್ನು ಸಾಲಿನೊಳಗೆ ಬಿಡಲಿಲ್ಲ.

ಮುಂದೆ? ಸಣ್ಣ ಭಾರ ಹೋದ ಮೇಲೆ ಬಂದದ್ದು ಅಮ್ಮನ ಎರಡು ಪಾದ. ಆ ಪಾದಗಳ ಬಗ್ಗೆ ಯೋಚಿಸಿದಾಗ ನೆನಪಾದದ್ದು ಒಂದು ಶಬ್ದ. ಮಧ್ಯಾಹ್ನ ಹೋಟೆಲಿನ ಊಟದ ಗದ್ದಲ ಮುಗಿದು ಚಿಕ್ಕಪ್ಪಂದಿರು ಮೂವರೂ ಬಂದು ಸಾಲಾಗಿ ಚಾಪೆ ಹಾಸಿ ಮಲಗುವರು. ನನ್ನದು ಬೆಳಗಿನ ಶಾಲೆ, ನಾನೂ ಮನೆಯಲ್ಲಿರುತ್ತಿದ್ದೆ. ಅಮ್ಮ ಗೋಡೆಗೆ ಮುಖ ಮಾಡಿ ಮಷೀನಿಗೆ ಕೂರುವಳು. ನಮಗೆ ಕಾಣುವುದು ಬೆನ್ನು ಮಾತ್ರ. ಚಿಕ್ಕಪ್ಪ ಒಬ್ಬರು ಹೊದಿಕೆ ಮುಖಕ್ಕೆಳೆದು ಗೊಣಗುವರು: "ಅತ್ತಿಗೆ, ಒಂದು ಗಳಿಗೆ ನಿದ್ದೆ ಮಾಡ್ಲಿಕ್ಕೆ ಬಿಡಿ."

"ಎಣ್ಣೆ ಕುಡಿಸ್ತಾ ಇದ್ದೇನೆ. ಈಗ ಆಯ್ತು," ಎನ್ನುವಳು ಅಮ್ಮ, ತಿರುಗದೆ.

ಎಣ್ಣೆ ಹಾಕಿದ ಮೇಲೆ ಮಷೀನನ್ನು ಹಾಗೆ ಓಡಿಸಬೇಕು, ಅದು ನಿಜ. ಮೈಮೇಲಿನ ಸಣ್ಣ ಸಣ್ಣ ತೂತುಗಳಿಗೆ ಒಂದೊಂದು ತೊಟ್ಟು ಬಿಟ್ಟು, ಸೂಜಿಯ ದಾರ ತೆಗೆದು, ಹಳೆಯ ಬಟ್ಟೆಯ ತುಂಡೊಂದನ್ನು ಪಾದದ ಕೆಳಗೆ ಇಟ್ಟು ತುಳಿದರೆ, ಎಣ್ಣೆ ಎಲ್ಲ ಕಡೆ ಹರಿದು, ಹೆಚ್ಚಾದದ್ದು ಆ ಬಟ್ಟೆಗೆ ಇಳಿಯುತ್ತದೆ. ಪಾದವೆಂದರೆ ಬಟ್ಟೆಯನ್ನು ಒತ್ತಿ ಹಿಡಿಯುವ ಕಬ್ಬಿಣದ ತುಂಡು. ಅದರ ಕೆಳಗಿನ ಹಲ್ಲುಗಳು ಬಟ್ಟೆಯನ್ನು ಮುಂದಕ್ಕೆಳೆಯುತ್ತವೆ. ಇದೆಲ್ಲ ಅಮ್ಮನೇ ಕಲಿಸಿದ್ದು. ನಮ್ಮ ಮನೆಯ ಮಷೀನು ನಮಗಿಂತ ಹೆಚ್ಚು ಎಣ್ಣೆ ತಿನ್ನುತ್ತದೆ ಎಂದು ಅಪ್ಪ ತಮಾಷೆ ಮಾಡುತ್ತಿದ್ದರು. ತಂಗಿ ಹೋದ ಮೇಲೆ ಆ ತಮಾಷೆ ಶುರುವಾದದ್ದು ಎಂಬುದು ನನಗೆ ಈ ವಯಸ್ಸಿನಲ್ಲಿ, ಆ ಮಷೀನಿನ ಮುಂದೆ ಕೂತಾಗ ಹೊಳೆಯಿತು.

ಆ ಶಬ್ದವನ್ನು ಮನಸ್ಸಿನಲ್ಲಿ ಮತ್ತೆ ಕೇಳಿದೆ. ನಿಜವಾಗಿ ಹೊಲಿಯುವಾಗ ಮಷೀನು ಎಲ್ಲಿ ಒಂದೇ ಸಮ ಓಡುತ್ತದೆ? ಮಡಿಕೆ ಬಂದಲ್ಲಿ ನಿಧಾನ, ಮೂಲೆ ಬಂದಲ್ಲಿ ನಿಲುಗಡೆ, ಪಾದ ಎತ್ತಿ ತಿರುಗಿಸುವುದು, ದಾರ ಕತ್ತರಿಸುವುದು. ಆ ಮಧ್ಯಾಹ್ನಗಳಲ್ಲಿ ಅದೇನೂ ಇರಲಿಲ್ಲ. ಒಂದೇ ಸಮ ಓಟ, ಬಹಳ ಹೊತ್ತು. ಎಣ್ಣೆ ಹರಿಯಲು ಅಷ್ಟು ಹೊತ್ತು ಬೇಡ.

ಪಾದದ ಕೆಳಗೆ ಬಟ್ಟೆಯ ತುಂಡೊಂದು ಈಗಲೂ ಇತ್ತು. ಮಷೀನು ಸುಮ್ಮನಿರುವಾಗ ಪಾದಕ್ಕೂ ಹಲ್ಲಿಗೂ ತಿಕ್ಕಾಟ ಆಗದಿರಲೆಂದು ಅಮ್ಮ ಯಾವಾಗಲೂ ಅದನ್ನು ಅಲ್ಲಿ ಇಟ್ಟಿರುತ್ತಿದ್ದಳು. ಹೊಲಿಯಲು ಬಂದಾಗ ತೆಗೆದು ಮಡಿಲಲ್ಲಿಟ್ಟು, ಮುಗಿದ ಮೇಲೆ ಮತ್ತೆ ಇಡುವಳು. ಆ ತುಂಡನ್ನು ನಾನು ಸಾವಿರ ಸಲ ನೋಡಿದ್ದೇನೆ, ಮುಟ್ಟಿರಲಿಲ್ಲ. ಪಾದ ಎತ್ತಿ ಎಳೆದೆ. ಹಸಿರು ಬಟ್ಟೆ, ಬಿಳಿ ಹೂ. ನನಗೂ ತಂಗಿಗೂ ಒಂದೇ ತಾನಿನ ಬಟ್ಟೆಯಲ್ಲಿ ಹೊಲಿದ ಫ್ರಾಕಿನ ಉಳಿಕೆ. ಬಸ್ಸು ಹತ್ತಿದ ದಿನ ಅವಳು ಹಾಕಿಕೊಂಡದ್ದು ಅದನ್ನೇ.

ಕೈಗೆ ಅದು ತರಿತರಿಯಾಗಿ ಸಿಕ್ಕಿತು. ಕಿಟಕಿಗೆ ಹಿಡಿದೆ. ತುಂಬ ತೂತು. ಅಂಚಿನಿಂದ ಶುರುವಾಗಿ ಸುತ್ತು ಸುತ್ತಾಗಿ ನಡುವಿನವರೆಗೆ, ಅದರ ಮೇಲೆ ಇನ್ನೊಂದು ಸುತ್ತು, ಮತ್ತೊಂದು. ಎಲ್ಲಿಯೂ ದಾರದ ಎಳೆ ಇಲ್ಲ. ಎಣ್ಣೆಯ ಕಲೆಯೂ ಇಲ್ಲ. ಎಣ್ಣೆಯ ಬಟ್ಟೆ ಬೇರೆಯೇ ಇತ್ತು, ಅಪ್ಪನ ಹಳೆಯ ಬನಿಯನಿನ ತುಂಡು. ಮಷೀನಿನ ಪಕ್ಕದ ಡ್ರಾಯರಿನಲ್ಲಿ, ಕೆಳಗಿನ ದಾರ ಸುತ್ತುವ ಬಾಬಿನ್‌ಗಳ ಜೊತೆ ಅದು ಇನ್ನೂ ಇದೆ, ಕರ್ರಗೆ, ಜಿಡ್ಡು ಜಿಡ್ಡಾಗಿ. ನಿಜವಾಗಿ ಎಣ್ಣೆ ಹಾಕಿದಾಗ ಅಮ್ಮ ಇಡುತ್ತಿದ್ದದ್ದು ಅದನ್ನು.

ಎರಡೂ ತುಂಡುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಪಕ್ಕದ ಮನೆಯವರು ಹಾಲಿನ ಪಾಕೀಟು ಕೊಡಲು ಬೆಲ್ ಮಾಡಿದಾಗ ಎದ್ದೆ.

ಅಮ್ಮ ಅತ್ತಳೇ? ಬಟ್ಟೆ ಅದನ್ನು ಹೇಳುವುದಿಲ್ಲ. ಆದರೆ ಎಣ್ಣೆ ಕುಡಿಸುತ್ತಿದ್ದೇನೆ ಎಂದು ಚಿಕ್ಕಪ್ಪಂದಿರಿಗೂ ನನಗೂ ಹೇಳಿದ ಸುಳ್ಳು ಒಬ್ಬರಿಗೆ ಮಾತ್ರ ಸುಳ್ಳೆಂದು ಗೊತ್ತಿತ್ತು. ತನ್ನ ಮೈಗೆ ಎಣ್ಣೆ ಬೀಳಲಿಲ್ಲ ಎಂದು ಮಷೀನಿಗೆ ಗೊತ್ತಿರಲೇಬೇಕು. ಮೇಲೆ ದಾರ ಬರಲಿಲ್ಲ ಎಂದು ಕೆಳಗಿನ ಬಾಬಿನ್‌ಗೆ ಗೊತ್ತಿರಬೇಕು, ಯಾಕೆಂದರೆ ಸೂಜಿ ಇಳಿದಾಗ ಮೇಲಿನ ದಾರದ ಕುಣಿಕೆಯನ್ನು ಹಿಡಿದರೆ ತಾನೇ ಒಂದು ಹೊಲಿಗೆ ಆಗುವುದು. ಹಿಡಿಯಲು ಏನೂ ಬರಲಿಲ್ಲ. ಇವು ಮಷೀನು ತಾನಾಗಿ ಹೇಳಬಹುದಾದ ಮಾತು.

ಬರೆಯಲು ವಾರ ಹಿಡಿಯಿತು. ಕೈ ಸುಮ್ಮನಿರುವುದಿಲ್ಲ ನೋಡಿ. "ಹಸಿರು ತುಂಡು" ಎಂದು ಬರೆದೆ, ಬಣ್ಣ ನೋಡಲು ಅದಕ್ಕೆ ಕಣ್ಣಿಲ್ಲ ಎಂದು ನೆನಪಾಗಿ ಹೊಡೆದೆ. "ಫ್ರಾಕು" ಎಂದು ಬರೆದೆ, ಅದಕ್ಕೆ ಬಟ್ಟೆ ದಪ್ಪವೋ ತೆಳುವೋ ಎಂಬುದು ಗೊತ್ತು, ಯಾರ ಫ್ರಾಕು ಎಂದು ಎಲ್ಲಿ ಗೊತ್ತು? "ಹುಚ್ಚಿಯ ಹಾಗೆ ತುಳಿದಳು" ಎಂದು ಬರೆದೆ, ಅದೂ ಹೋಯಿತು. ಮಷೀನು ಯಾವುದನ್ನೂ ಯಾವುದಕ್ಕೂ ಹೋಲಿಸುವುದಿಲ್ಲ, ಅದಕ್ಕೆ ಬೇರೆ ಏನೂ ಗೊತ್ತಿಲ್ಲ. ಕೊನೆಗೆ ಒಂದು ಸಾಲನ್ನು ಬಿಡಲು ಮಾತ್ರ ಜೀವ ಒಪ್ಪಲಿಲ್ಲ: "ನಿನಗಾಗಿ ಅತ್ತಳು." ಎರಡು ಪದ. ಅದೊಂದಿದ್ದರೆ ತಂಗಿಗೆ ಬೇಕಾದದ್ದು ಸಿಗುತ್ತಿತ್ತು. ದಿನಾ ಹಾಕುವುದು, ದಿನಾ ಹೊಡೆಯುವುದು. ಭಾನುವಾರ ಹೊಡೆದದ್ದನ್ನು ಮತ್ತೆ ಹಾಕಲಿಲ್ಲ.

ತಂಗಿಗೆ ಫೋನು ಮಾಡಿದೆ. ಭಂಗಾರದವನು ಬರುತ್ತಾನೆ, ಕೊಡುವ ಮೊದಲು ಒಂದು ಸಲ ಬಂದು ನೋಡು ಎಂದೆ. ಭಂಗಾರದವನಿಗೆ ನಾನು ಹೇಳಿಯೇ ಇರಲಿಲ್ಲ. ಸುಳ್ಳು ಹೇಳುವುದನ್ನು ನಾನೂ ಅಮ್ಮನಿಂದಲೇ ಕಲಿತದ್ದು.

ಬಂದಳು. ಚಪ್ಪಲಿ ಬಿಚ್ಚುವಾಗಲೇ "ಟ್ರಾಫಿಕ್ ನೋಡು, ಮೈ ಎಲ್ಲ ನೋವು" ಎಂದು ಜಗಳಕ್ಕೆ ತಯಾರಾಗಿ ಬಂದವಳ ದನಿ. ಚಹಾ ಕೊಟ್ಟೆ. ಹಾಳೆ ಕೊಟ್ಟೆ. ಓದು ಎನ್ನಲಿಲ್ಲ. ತಲೆಬರಹ "ಮಷೀನು" ಎಂದಷ್ಟೇ.

ನನ್ನ ಹಲಗೆಯ ಮೇಲೆ
ಒಂದು ಸಣ್ಣ ಭಾರ ಕೂರುತ್ತಿತ್ತು.
ಒಂದು ದಿನ ಕೂರಲಿಲ್ಲ.
ಮರುದಿನವೂ ಕೂರಲಿಲ್ಲ.

ಎರಡು ಪಾದ ಬಂದವು. ತುಳಿದವು.
ಸೂಜಿ ಇಳಿಯಿತು. ದಾರ ಇರಲಿಲ್ಲ.
ಕೆಳಗೆ ಬಾಬಿನ್ ಕಾದಿತ್ತು,
ಹಿಡಿಯಲು ಏನೂ ಬರಲಿಲ್ಲ.

ನನ್ನ ತೂತುಗಳಿಗೆ ಎಣ್ಣೆ ಬೀಳಲಿಲ್ಲ.
ನನ್ನ ಹಲ್ಲು ಎಳೆದದ್ದು
ಒಂದೇ ತೆಳು ತುಂಡು,
ಸುತ್ತಿ ಸುತ್ತಿ ಅದನ್ನೇ.
ಹೊಲಿಗೆ ಬೀಳಲಿಲ್ಲ.

ಓದಿದಳು. ಹಾಳೆ ಮಡಚಿದಳು, ಬಿಚ್ಚಿದಳು, ಮತ್ತೆ ಓದಿದಳು. "ಎಣ್ಣೆ ಬೀಳಲಿಲ್ಲ ಅಂದ್ರೆ?" ಎಂದಳು. ಆ ಮಧ್ಯಾಹ್ನಗಳ ಮಾತು ಅವಳಿಗೆ ಗೊತ್ತಿರಲಿಲ್ಲ, ಅವಳು ಊರಲ್ಲಿದ್ದಳಲ್ಲ. ಹೇಳಿದೆ. ಗೋಡೆಗೆ ಮುಖ, ಚಿಕ್ಕಪ್ಪಂದಿರ ಗೊಣಗಾಟ, ಅಮ್ಮ ಕೊಡುತ್ತಿದ್ದ ಉತ್ತರ. ಆಮೇಲೆ ಹಸಿರು ತುಂಡನ್ನು ಅವಳ ಕೈಗಿಟ್ಟೆ.

ಫ್ರಾಕು ಅವಳಿಗೆ ತಕ್ಷಣ ಗುರುತು ಸಿಕ್ಕಿತು. ತುಂಡು ಹಿಡಿದು ಕಿಟಕಿಯ ಹತ್ತಿರ ಹೋದಳು. ಹೊಲಿದು ಬಿಚ್ಚಿದ ಬಟ್ಟೆಯ ತೂತಿನಲ್ಲಿ ದಾರದ ನಾರು ಸಿಕ್ಕಿಕೊಂಡಿರುತ್ತದೆ, ಅದು ಅವಳಿಗೆ ದಿನನಿತ್ಯದ ಕೆಲಸ. ಉಗುರಿನಿಂದ ಗೀರಿ ನೋಡಿದಳು, ಒಂದು ನಾರೂ ಸಿಗಲಿಲ್ಲ. ಒಂದು ಸುತ್ತು, ಇನ್ನೊಂದು ಸುತ್ತು, ಬೆರಳು ಅದರ ಮೇಲೆಯೇ ನಡೆಸುತ್ತ ಬಹಳ ಹೊತ್ತು ನಿಂತಳು. ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಬಂದು ಮಷೀನಿನ ಮುಂದೆ ಕೂತಳು, ತುಂಡನ್ನು ಪಾದದ ಕೆಳಗೆ ಇಟ್ಟು, ಕೈಯಿಂದ ಚಕ್ರವನ್ನು ತನ್ನ ಕಡೆಗೆ ಒಮ್ಮೆ ಎಳೆದು ತುಳಿಯತೊಡಗಿದಳು. ದಾರ ಹಾಕಲಿಲ್ಲ. ನಿಜವಾಗಿ ಎಣ್ಣೆ ಕಾಣದೆ ವರ್ಷಗಳಾದ ಮಷೀನು ಕಿರುಗುಟ್ಟಿ, ಆಮೇಲೆ ಅದೇ ಶಬ್ದ ಹಿಡಿಯಿತು. ಚಾಳಿನ ಮಧ್ಯಾಹ್ನದ ಶಬ್ದ. ನನಗೆ ಕಾಣುತ್ತಿದ್ದದ್ದು ಅವಳ ಬೆನ್ನು ಮಾತ್ರ.

ಆ ಶಬ್ದದೊಳಗಿಂದಲೇ ಅವಳು ಮಾತಾಡಿದಳು. ದನಿ ಒಡೆದಿತ್ತು.

"ಇಷ್ಟು ತುಳಿದದ್ದಕ್ಕೆ, ಅಕ್ಕ, ಅಮ್ಮ ಊರಿಗೇ ಬಂದು ಮುಟ್ಟಬಹುದಿತ್ತು."

ನಾನು ಅವಳ ಹಿಂದೆ ನಿಂತು ಭುಜದ ಮೇಲೆ ಕೈಯಿಟ್ಟೆ. ನಿಲ್ಲಿಸು ಎನ್ನಲಿಲ್ಲ. ಅವಳು ಕೂತೇ ಇದ್ದಳು, ತುಳಿಯುತ್ತಲೇ ಇದ್ದಳು. ಸಾಕಾದ ಮೇಲೆ ತಾನೇ ನಿಲ್ಲಿಸಿ, ಮುಖ ಒರೆಸಿಕೊಂಡು, "ಭಂಗಾರದವನಿಗೆ ಬರಬೇಡ ಅಂತ ಹೇಳು" ಎಂದಳು.

ಅವಳು ಹೋದ ಮೇಲೆ ಹಾಳೆ ಬಿಡಿಸಿದೆ. ಊರು ಎಂಬುದು ಮಷೀನಿಗೆ ಗೊತ್ತಿಲ್ಲ, ಬಸ್ಸು ಗೊತ್ತಿಲ್ಲ. ಆದರೆ ತನ್ನ ಬಗ್ಗೆ ಒಂದು ಮಾತು ಅದಕ್ಕೆ ಚೆನ್ನಾಗಿ ಗೊತ್ತು. ಕೊನೆಯ ಸಾಲಿನ ಕೆಳಗೆ ಅದನ್ನು ಬರೆದೆ, ಆಮೇಲೆ ಆ ಕವಿತೆಗೆ ಕೈ ಹಚ್ಚಿಲ್ಲ.

ತುಳಿದವು, ತುಳಿದವು.
ನಾನು ಇದ್ದಲ್ಲೇ ಇದ್ದೆ.